ಆ ಹೆಬ್ಬೆರಳಿಗೆ ಅರ್ಥ ಏನು?

ಯುಗಾದಿಗೆ ಊರಿಗೆ ಹೊರಟಿದ್ದೆ. ಶಿರಾದಲ್ಲಿ ಬಸ್ ಬದಲಿಸಿ ಬರಗೂರಿನ ಬಸ್ ಹತ್ತಿದರೆ ಕೂರಲು ಜಾಗ ಇರಲಿಲ್ಲ. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಮೊಬೈಲ್, ಕಾಲ ಬಳಿ ಬೇವು, ಬೆಲ್ಲ, ಹೂವಿನ ಚೀಲ. ಅಷ್ಟೊತ್ತಿಗೆ ಜರ್ಮನಿಯ ಗಿರಾಕಿಯಿಂದ ಒಂದು ಮೇಲ್ ಬಂತು.

ನಾನು ಕೆಲಸ ಮಾಡೋದು ತುಮಕೂರು ಕಡೆಯ ಒಂದು ಕಂಪನಿಯಲ್ಲಿ. ನಮ್ಮ ಸೀಮೆಯ ರೈತರಿಂದ ಮಿಡಿಸೌತೆ ಕೊಂಡು, ಉಪ್ಪುನೀರು-ವಿನೆಗರ್‌ನಲ್ಲಿ ಡ್ರಮ್ಮಿಗೆ ತುಂಬಿ, ಚೆನ್ನೈ ಬಂದರಿನಿಂದ ಹೊರದೇಶಕ್ಕೆ ಕಳಿಸುತ್ತೇವೆ. ಗಿರಾಕಿಗಳ ಜೊತೆ ಪತ್ರ ವ್ಯವಹಾರ ನನ್ನ ಪಾಲಿನ ಕೆಲಸ.

ಮೇಲ್‌ನ ಮೊದಲೆರಡು ಸಾಲು ಓದಿದೆ. "ನಮ್ಮ ಗೋಡೌನ್ ತುಂಬಿದೆ. ಈ ಸಲದ ಕಂಟೇನರನ್ನು ಎರಡು ವಾರ ತಡೆದು ಕಳಿಸಲು ಆಗುತ್ತದೆಯೇ?" ಸರಿ, ನೋಡಿದೆ, ಆಫೀಸಿಗೆ ಹೋದಮೇಲೆ ವಿಚಾರಿಸೋಣ ಅಂತ ಮನಸ್ಸಿನಲ್ಲೇ ಅಂದುಕೊಂಡು ಮೇಲ್‌ನ ಕೆಳಗಿದ್ದ 👍 ಒತ್ತಿ ಮೊಬೈಲ್ ಜೇಬಿಗೆ ಹಾಕಿಕೊಂಡೆ. ಮೂರನೇ ಸಾಲು ಓದಲೇ ಇಲ್ಲ. ಅದರಲ್ಲಿ, "ಆ ಎರಡು ವಾರದ ಖರ್ಚು ನಿಮ್ಮ ಕಡೆಯದೇ ಎಂದುಕೊಂಡಿದ್ದೇವೆ, ದೃಢಪಡಿಸಿ" ಅಂತಿತ್ತು.

ಹಬ್ಬ ಮುಗಿಸಿ ವಾಪಸ್ ಬಂದರೆ ಮ್ಯಾನೇಜರ್ ಮೇಡಂ ಟೇಬಲ್ ಮೇಲೆ ಆ ಮೇಲ್‌ನ ಪ್ರಿಂಟ್. ಗಿರಾಕಿ ಬರೆದಿದ್ದ: "ನೀವು ಒಪ್ಪಿಕೊಂಡಂತೆ..."

"ಇದನ್ನ ಯಾವಾಗ ಒಪ್ಪಿಕೊಂಡ್ರಿ?"

"ಒಪ್ಪಿಕೊಂಡಿಲ್ಲ ಮೇಡಂ, ನೋಡಿದೆ ಅಂತ ಹೆಬ್ಬೆರಳು ಹಾಕಿದೆ ಅಷ್ಟೆ."

"ನೋಡಿದೆ ಅನ್ನೋದಕ್ಕೆ ಕಣ್ಣಿನ ಚಿತ್ರ ಇದೆಯಲ್ಲ, ಬೆರಳು ಯಾಕೆ ಎತ್ತಿದ್ರಿ?"

ಮೇಡಂ ತಮಾಷೆ ಮಾಡಿದ್ರೋ ಬೈದ್ರೋ ಆಗ ಗೊತ್ತಾಗ್ಲಿಲ್ಲ. ತುಂಬಿದ ಕಂಟೇನರ್ ಸುಮ್ಮನೆ ನಿಂತರೆ ಹಡಗು ಕಂಪನಿ ಪುಕ್ಕಟೆ ಕೊಡುವ ದಿನಗಳು ಮುಗಿದ ಮೇಲೆ ದಿನದ ಲೆಕ್ಕದಲ್ಲಿ ಬಾಡಿಗೆ ಹಾಕುತ್ತದೆ. ನಾಲ್ಕು ದಿನ ಮೇಲ್, ಎರಡು ಫೋನ್ ಆದಮೇಲೆ ಗಿರಾಕಿ ಅರ್ಧ, ನಾವು ಅರ್ಧ ಅಂತ ತೀರ್ಮಾನ ಆಯಿತು. ನನ್ನ ಒಂದು ಬೆರಳಿಗೆ ಕಂಪನಿ ಕೊಟ್ಟ ಬೆಲೆ ಅದು.

ಅಗಸೆ ಬೆಳೆದ ರೈತನ ಬೆರಳು

ಇದು ನನ್ನೊಬ್ಬರ ಪೆದ್ದುತನ ಅಂದುಕೊಂಡಿದ್ದೆ. ಆದರೆ ಇದೇ ತಕರಾರು ಕೆನಡಾದಲ್ಲಿ ಕೋರ್ಟಿನವರೆಗೆ ಹೋಗಿದೆ. ಅದೂ ನಮ್ಮಂಥದೇ ಫಸಲಿನ ವ್ಯಾಪಾರದಲ್ಲಿ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

2021ರ ಮಾರ್ಚ್. ಸಸ್ಕ್ಯಾಚವಾನ್ ಪ್ರಾಂತ್ಯದ ಧಾನ್ಯ ಕೊಳ್ಳುವ ಕಂಪನಿಯೊಂದಕ್ಕೆ ಅಗಸೆ ಬೇಕಿತ್ತು. ಒಬ್ಬ ರೈತನ ಜೊತೆ ಫೋನಿನಲ್ಲಿ ಮಾತಾಯಿತು. 87 ಟನ್ ಅಗಸೆ, ಬುಷೆಲ್‌ಗೆ 17 ಡಾಲರ್, ನವೆಂಬರ್‌ನಲ್ಲಿ ಮಾಲು. ಕಂಪನಿಯವನು ಕರಾರು ಪತ್ರ ಬರೆದು, ಸಹಿ ಹಾಕಿ, ಮೊಬೈಲಿನಲ್ಲಿ ಫೋಟೋ ಹೊಡೆದು ರೈತನಿಗೆ ಕಳಿಸಿದ. ಜೊತೆಗೆ "ಅಗಸೆ ಕರಾರನ್ನು ದೃಢಪಡಿಸಿ" ಅಂತ ಒಂದು ಸಾಲು. ರೈತನಿಂದ ಬಂದ ಉತ್ತರ ಒಂದೇ: 👍.

ನವೆಂಬರ್ ಬಂತು, ಮಾಲು ಬರಲಿಲ್ಲ. ಅಷ್ಟರಲ್ಲಿ ಅಗಸೆಯ ಬೆಲೆ ಬುಷೆಲ್‌ಗೆ 41 ಡಾಲರ್ ಮುಟ್ಟಿತ್ತು. ಕಂಪನಿ ಕೋರ್ಟಿಗೆ ಹೋಯಿತು. ರೈತ ಹೇಳಿದ್ದು ನಾನು ಮೇಡಂ ಮುಂದೆ ಹೇಳಿದ ಮಾತನ್ನೇ: ಕರಾರು ಪತ್ರ ಕೈಸೇರಿತು ಅನ್ನೋದಕ್ಕೆ ಬೆರಳು ಹಾಕಿದೆ, ಒಪ್ಪಿದೆ ಅಂತಲ್ಲ.

2023ರ ಜೂನ್‌ನಲ್ಲಿ ಅಲ್ಲಿನ ಕಿಂಗ್ಸ್ ಬೆಂಚ್ ನ್ಯಾಯಾಲಯ ತೀರ್ಪು ಕೊಟ್ಟಿತು. ರೈತ ಸೋತ. ಪರಿಹಾರವಾಗಿ 82,200 ಕೆನಡಾ ಡಾಲರ್‌ಗಿಂತ ಕೊಂಚ ಹೆಚ್ಚು ಕೊಡಬೇಕಾಯಿತು. 2024ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು.

ಇಲ್ಲಿ ಗಮನಿಸಬೇಕಾದ್ದು ತೀರ್ಪಿನ ಹಿಂದಿನ ಕಾರಣ. 👍 ಅಂದರೆ ಯಾವಾಗಲೂ ಒಪ್ಪಿಗೆ ಅಂತ ನ್ಯಾಯಾಧೀಶರು ಹೇಳಲಿಲ್ಲ. ಇವರಿಬ್ಬರ ಹಿಂದಿನ ವ್ಯವಹಾರ ತೆಗೆದು ನೋಡಿದರು. ಮೊದಲೂ ಹೀಗೇ ಕರಾರಿನ ಫೋಟೋ ಬರುತ್ತಿತ್ತು. ರೈತ "ಚೆನ್ನಾಗಿದೆ", "ಓಕೆ", "ಹ್ಞೂಂ" ಅಂತ ಒಂದೊಂದು ಪದದಲ್ಲಿ ಉತ್ತರ ಕೊಡುತ್ತಿದ್ದ, ಆಮೇಲೆ ಮಾಲೂ ಕೊಡುತ್ತಿದ್ದ. ಆ ಸಾಲಿನಲ್ಲಿ 👍 ಇಟ್ಟು ನೋಡಿದರೆ ಅದೂ ಇನ್ನೊಂದು "ಹ್ಞೂಂ" ಅಂತಲೇ ಯಾರಿಗಾದರೂ ಕಾಣುತ್ತದೆ. ಅಂದರೆ ಚಿತ್ರದ ಅರ್ಥ ಚಿತ್ರದಲ್ಲಿಲ್ಲ. ಕೇಳಿದ ಪ್ರಶ್ನೆಯಲ್ಲಿದೆ, ಇಬ್ಬರ ಹಳೆಯ ರೂಢಿಯಲ್ಲಿದೆ.

ನನ್ನ ಕೇಸನ್ನು ಈಗ ಹಾಗೆ ನೋಡಿ. ಗಿರಾಕಿ "ದೃಢಪಡಿಸಿ" ಅಂದಿದ್ದ, ನಾನು ಬೆರಳು ಎತ್ತಿದ್ದೆ. ಅವನ ತಪ್ಪೇನಿದೆ?

ನಮ್ಮಲ್ಲಿ ಹೀಗೆಲ್ಲ ಆಗಲ್ಲ ಅನ್ನುವ ಧೈರ್ಯ ಬೇಡ. ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯ 10ಎ ಕಲಂ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ. 2010ರಲ್ಲಿ ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಬಾಕ್ಸೈಟ್ ಖರೀದಿಯ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್, ಸಹಿ ಹಾಕಿದ ದೊಡ್ಡ ಪತ್ರ ಇಲ್ಲದಿದ್ದರೂ ಮೇಲ್‌ಗಳಲ್ಲೇ ಕರಾರು ಮುಗಿದಿದೆ ಅಂತ ಹೇಳಿತು. ಮೇಲ್ ಅಂದರೆ ಬಾಯಿಮಾತಲ್ಲ.

ಹಾಗಂತ ಬೆರಳು ಎತ್ತಲೇಬಾರದು ಅಂತಲ್ಲ. "ಪ್ಯಾಕಿಂಗ್ ಫೋಟೋ ಲಗತ್ತಿಸಿದ್ದೇನೆ" ಅಂತ ಬಂದರೆ 👍 ಸಾಕು, ಅಲ್ಲಿ ಪ್ರಶ್ನೆ ಇಲ್ಲ. ಪ್ರಶ್ನೆ, ತಾರೀಖು, ದುಡ್ಡು, ಪ್ರಮಾಣ, ಇವುಗಳಲ್ಲಿ ಒಂದಿದ್ದರೂ ಉತ್ತರ ಪದದಲ್ಲಿ ಇರಲಿ. ಈಗ ನಾನು ಬಸ್ಸಿನಲ್ಲಿ ನಿಂತಿದ್ದರೂ ಒಂದು ಸಾಲು ಬರೆಯುತ್ತೇನೆ: "ನಿಮ್ಮ ಮೇಲ್ ತಲುಪಿದೆ. ಖರ್ಚಿನ ವಿಷಯ ಕೇಳಿಕೊಂಡು ಸೋಮವಾರದೊಳಗೆ ತಿಳಿಸುತ್ತೇನೆ. ಅಲ್ಲಿಯವರೆಗೆ ಇದನ್ನು ಒಪ್ಪಿಗೆ ಎಂದು ತಿಳಿಯಬೇಡಿ."

ಇನ್ನೊಂದು ಮಾತು. ಜಿಮೇಲ್‌ನಲ್ಲಿ ಒತ್ತಿದ ಚಿತ್ರ, ಬೇರೆ ಮೇಲ್ ವ್ಯವಸ್ಥೆ ಬಳಸುವವರಿಗೆ ಪ್ರತ್ಯೇಕ ಮೇಲ್ ಆಗಿಯೇ ಹೋಗುತ್ತದೆ, ನಿಮ್ಮ ಹೆಸರಿನ ಸಮೇತ. ಒತ್ತಿದ ಕೆಲವು ಸೆಕೆಂಡ್ ಒಳಗೆ ವಾಪಸ್ ತೆಗೆಯಬಹುದು, ಆಮೇಲೆ ಆಗಲ್ಲ. ಅದು ವಾಟ್ಸ್ಆ್ಯಪ್‌ನ ಹೆಬ್ಬೆರಳಲ್ಲ, ಕಡತ ಸೇರುವ ಹೆಬ್ಬೆರಳು.

ಒಂದು 'ಇ'ಕಾರದ ಕಥೆ

ಮೇಡಂ ಹತ್ತಿರ ಬೈಸಿಕೊಂಡ ಮೇಲೆ ನನ್ನ ಹಳೆಯ ಮೇಲ್‌ಗಳನ್ನೆಲ್ಲ ತೆಗೆದು ಓದಿದೆ. ನನಗೇ ನಗು ಬಂತು. ಸಾಲಿಗೊಂದು 🙏, ಎರಡು ಸಾಲಿಗೊಂದು 😊, ಕೊನೆಗೆ ಮೂರು ಆಶ್ಚರ್ಯಸೂಚಕ. ಇಷ್ಟೊಂದು ಯಾಕೆ ಹಾಕ್ತೀನಿ?

ಉತ್ತರ ಸಿಕ್ಕಿದ್ದು ಊರಲ್ಲಿ. ಅಂಗಡಿಗೆ ಹುಡುಗನನ್ನು ಅಟ್ಟುವಾಗ ಅಮ್ಮ "ಆ ಚೀಟಿ ಕೊಡು" ಅಂತಾಳೆ. ಅಂಗಡಿಯವರಿಗೆ "ಆ ಚೀಟಿ ಕೊಡಿ" ಅಂತಾಳೆ. ಕೊಡು, ಕೊಡಿ. ಕೊನೆಯ ಒಂದು ಸ್ವರ ಬದಲಾದರೆ ಸಾಕು, ಎದುರಿಗಿರುವವರ ವಯಸ್ಸು, ಸ್ಥಾನ, ನಮ್ಮ ಸಲುಗೆ ಎಲ್ಲಾ ಅದರಲ್ಲೇ ಬಂದುಬಿಡುತ್ತೆ. ಪಾವಗಡದ ಕಡೆ ತೆಲುಗು ಮಾತಾಡುವ ಮನೆಗಳಲ್ಲಿ ಅದೇ ಕೆಲಸ "ಅಂಡಿ" ಮಾಡುತ್ತೆ. ಇನ್ನೂ ಮೆತ್ತಗೆ ಬೇಕಾ? "ಕೊಡ್ತೀರಾ ಅಣ್ಣಾ" ಅಂದರೆ ಆಯಿತು. ನಮ್ಮ ಭಾಷೆಯಲ್ಲಿ ಮರ್ಯಾದೆ ಕ್ರಿಯಾಪದದ ಬಾಲದಲ್ಲಿದೆ.

ಇಂಗ್ಲಿಷಿನಲ್ಲಿ ಆ ಬಾಲ ಇಲ್ಲ. ಮ್ಯಾನೇಜರಿಗೂ "ಸೆಂಡ್", ಟ್ರೈನಿಗೂ "ಸೆಂಡ್". ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆಯುವ ನಮಗೆ ಅದು ಬರಿಗೈಯಲ್ಲಿ ದೊಡ್ಡವರ ಮನೆಗೆ ಹೋದ ಹಾಗೆ ಅನ್ನಿಸುತ್ತೆ. ಅದಕ್ಕೆ "ಪ್ಲೀಸ್" ಸೇರಿಸ್ತೀವಿ, ಮುಂದೆ "ಕೈಂಡ್ಲಿ" ಸೇರಿಸ್ತೀವಿ, ಅದೂ ಸಾಲದೆ 🙏 ಇಡ್ತೀವಿ. ಕಳೆದುಹೋದ 'ಇ'ಕಾರವನ್ನು ಕೈಮುಗಿದು ತುಂಬಿಸಿಕೊಡುತ್ತಿದ್ದೇವೆ.

ಕನ್ನಡಿಗ ಮ್ಯಾನೇಜರ್‌ಗೆ ಆ 🙏 ಅರ್ಥವಾಗುತ್ತೆ. ಜರ್ಮನಿಯವನಿಗೆ ಅದು ಪ್ರಾರ್ಥನೆ. ಕಂಟೇನರ್ ಹೊರಡುವ ತಾರೀಖಿನ ಪಕ್ಕ ಪ್ರಾರ್ಥನೆ ಕಂಡರೆ, ಇವರಿಗೇ ನಂಬಿಕೆ ಇಲ್ಲವೇನೋ ಅಂದುಕೊಂಡಾನು.

ಆ ಜಾಗಕ್ಕೆ ಇಂಗ್ಲಿಷ್ ತನ್ನದೇ ದಾರಿ ಇಟ್ಟುಕೊಂಡಿದೆ. ಅದು ಮರ್ಯಾದೆಯನ್ನು ಪ್ರಶ್ನೆಯಾಗಿ ಕೇಳುತ್ತೆ. "ಕಳಿಸಿ" ಅನ್ನುವ ಬದಲು "ಗುರುವಾರದೊಳಗೆ ಕಳಿಸಲು ಆಗುತ್ತದೆಯೇ?" ಅಂದರೆ ಅಲ್ಲೇ 'ಇ'ಕಾರ ಬಂತು. ಯಾಕೆ ಬೇಕು ಅಂತ ಅರ್ಧ ಸಾಲು ಕಾರಣ ಸೇರಿಸಿದರೆ "ಅಣ್ಣಾ" ಅಂದಷ್ಟೇ ಮೆತ್ತಗಾಗುತ್ತೆ. ಚಿತ್ರ ಬೇಕಾಗೋದೇ ಇಲ್ಲ.

ಜಪಾನಿನವರ ಕಥೆ ನಮ್ಮದಕ್ಕೆ ಹತ್ತಿರ. ಅವರ ಭಾಷೆಯಲ್ಲೂ ಮರ್ಯಾದೆ ಕ್ರಿಯಾಪದದಲ್ಲೇ ಇದೆ. ವ್ಯವಹಾರದ ಮೇಲ್‌ಗಳನ್ನು "ಸದಾ ನಿಮ್ಮ ನೆರವಿಗೆ ಋಣಿ" ಎಂಬರ್ಥದ ಒಂದು ಸಿದ್ಧ ಸಾಲಿನಿಂದ ಶುರು ಮಾಡುತ್ತಾರೆ. ಅವರು ಇಂಗ್ಲಿಷಿನಲ್ಲಿ ಬರೆದಾಗ ಆ ಸಾಲು ಇದ್ದರೆ, ಅದನ್ನು ದಾಟಿ ವಿಷಯಕ್ಕೆ ನುಗ್ಗಬೇಡಿ. ನೀವೂ ಒಂದು ಸಾಲು ವಂದನೆ ಹೇಳಿ. ಅವರಿಗೆ ಅದೇ ಎಮೋಜಿ.

ಅಬ್ಬಾ! ಅಯ್ಯೋ! ಆಹಾ!

ಆಶ್ಚರ್ಯಸೂಚಕ ಚಿಹ್ನೆಯನ್ನು ನಾವು ಶಾಲೆಯಲ್ಲಿ ಕಲಿತಿದ್ದು ಈ ಮೂರು ಪದಗಳ ಜೊತೆ. ಹಾಗಾಗಿ ನಮಗೆ ಅದು ಭಾವನೆಯ ಗುರುತು. ಅಮೆರಿಕದ ಗಿರಾಕಿಗೂ ಹೆಚ್ಚುಕಡಿಮೆ ಹಾಗೇ. ಅವರು ಒಂದು ಥ್ಯಾಂಕ್ಸ್ ಮುಂದೆ ! ಹಾಕಿದರೆ ನಕ್ಕರು ಅಂತ ಲೆಕ್ಕ. ಅವರಿಗೆ ಬರೆಯುವಾಗ ಚಿಹ್ನೆಯೇ ಇಲ್ಲದ ಬರೀ "ಥ್ಯಾಂಕ್ಸ್." ಸ್ವಲ್ಪ ಮುಖ ಸಿಂಡರಿಸಿದ ಹಾಗೂ ಕಾಣಬಹುದು.

ಜರ್ಮನ್‌ನಲ್ಲಿ ಈ ಚಿಹ್ನೆಗೆ ಇನ್ನೊಂದು ಕೆಲಸ ಇದೆ. ಅಪ್ಪಣೆ, ಒತ್ತಾಯದ ವಾಕ್ಯದ ಕೊನೆಗೂ ಅದನ್ನೇ ಹಾಕುತ್ತಾರೆ. ಹಿಂದೆ ಪತ್ರದ ಆರಂಭದ "ಮಾನ್ಯರೇ" ಆದಮೇಲೂ ಅದೇ ಚಿಹ್ನೆ ಇರುತ್ತಿತ್ತು, ಈಗ ಅಲ್ಲಿ ಅಲ್ಪವಿರಾಮ. ನಾನು ಉತ್ಸಾಹದಲ್ಲಿ "ಇಂದೇ ದೃಢಪಡಿಸಿ!!!" ಅಂತ ಬರೆದಿದ್ದು ಅಲ್ಲಿ ಹೇಗೆ ಕೇಳಿಸಿರಬಹುದು? "ಇಂದೇ ಹೇಳು, ಇಂದೇ, ಇಂದೇ" ಅಂತ ಬಾಗಿಲು ಬಡಿದ ಹಾಗೆ.

ಈಗ ನನ್ನ ಲೆಕ್ಕ ಸರಳ. ಕೃತಜ್ಞತೆ, ಅಭಿನಂದನೆಗೆ ಒಂದು ಆಶ್ಚರ್ಯಸೂಚಕ, ಮೇಲ್‌ಗೆ ಒಂದೇ. ಬೇಡಿಕೆಯ ವಾಕ್ಯಕ್ಕೆ, ತಾರೀಖು ಇರುವ ವಾಕ್ಯಕ್ಕೆ, ದೂರಿನ ವಾಕ್ಯಕ್ಕೆ ಪೂರ್ಣವಿರಾಮ. ಅವಸರ ಇದ್ದರೆ ಚಿಹ್ನೆಯಿಂದ ಕೂಗೋ ಬದಲು ಕಾರಣ ಬರೆಯೋದು: "ಗುರುವಾರ ಸಂಜೆಗೆ ಲಾರಿ ಹೊರಡುತ್ತದೆ, ಹಾಗಾಗಿ ಮಧ್ಯಾಹ್ನದೊಳಗೆ ಬೇಕು."

ಮೇಲಿನವರಿಗೆ, ಕೆಳಗಿನವರಿಗೆ

ನಮ್ಮ ಆಫೀಸಿನಲ್ಲಿ ಹಿರಿಯ ಸಾಹೇಬರೊಬ್ಬರ ಮೇಲ್ ಯಾವಾಗಲೂ ಒಂದೇ ಪದ: "ನೋಟೆಡ್". ಮೊದಲ ಸಲ ಅದು ಬಂದಾಗ ನಾನು ಮಧ್ಯಾಹ್ನ ಸರಿಯಾಗಿ ಊಟ ಮಾಡಲಿಲ್ಲ. ಸಿಟ್ಟಾಗಿದ್ದಾರೆ ಅಂದುಕೊಂಡೆ. ಪಕ್ಕದ ಅಣ್ಣ ಹೇಳಿದ: "ಅವರು ಮನೆಯವರಿಗೂ ಹಂಗೇ ಬರೀತಾರೆ ಕಣಪ್ಪ, ಉಣ್ಣು."

ಮೇಲಿರುವವರು ಚಿಹ್ನೆ ಹಾಕದಿದ್ದರೆ "ಅವರು ಹಾಗೇ" ಅಂತ ನಡೆಯುತ್ತೆ. ಕೆಳಗಿರುವವರು ಹಾಕದಿದ್ದರೆ "ಸೊಕ್ಕು", ಹೆಚ್ಚು ಹಾಕಿದರೆ "ಇನ್ನೂ ಹುಡುಗಾಟ". ಒಂದೇ ಚಿತ್ರ, ಮೆಟ್ಟಿಲು ಬದಲಾದರೆ ತೂಕ ಬದಲಾಗುತ್ತೆ.

ಇದು ಎಷ್ಟು ದೂರ ಹೋಗಬಹುದು ಅನ್ನೋದಕ್ಕೆ ಒಂದು ಪ್ರಕರಣ ಇದೆ. ರೈಲ್ವೆ ರಕ್ಷಣಾ ಪಡೆಯ ವಾಟ್ಸ್ಆ್ಯಪ್ ಗುಂಪಿನಲ್ಲಿ, ಮೇಘಾಲಯದಲ್ಲಿ ಒಬ್ಬ ಅಧಿಕಾರಿಯ ಕೊಲೆಯಾದ ಸುದ್ದಿ ಬಂತು. ಒಬ್ಬ ಕಾನ್‌ಸ್ಟೆಬಲ್ ಅದಕ್ಕೆ 👍 ಹಾಕಿದ. ಕೊಲೆಗೆ ಖುಷಿಪಟ್ಟ ಅಂತ ಇಲಾಖೆ ಅರ್ಥ ಮಾಡಿಕೊಂಡು ಅವನನ್ನು ಕೆಲಸದಿಂದಲೇ ತೆಗೆಯಿತು. ಸುದ್ದಿ ನೋಡಿದೆ ಅನ್ನೋದಕ್ಕೆ ಒತ್ತಿದ್ದು ಅಂತ ಅವನ ವಾದ. 2024ರಲ್ಲಿ ಮದ್ರಾಸ್ ಹೈಕೋರ್ಟ್ ಅವನ ಪರ ನಿಂತಿತು. ಆ ಚಿತ್ರವನ್ನು "ಓಕೆ" ಅನ್ನುವ ಪದಕ್ಕೆ ಬದಲಾಗಿ ಬಳಸಿದ್ದು ಅಂತ ನೋಡಬಹುದು, ಕೊಲೆಯ ಸಂಭ್ರಮ ಅಂತ ಅಲ್ಲ ಎಂದಿತು.

ಕೆನಡಾದಲ್ಲಿ "ನೋಡಿದೆ ಅಷ್ಟೆ" ಅನ್ನುವ ವಾದ ಸೋತಿತು. ಇಲ್ಲಿ ಅದೇ ವಾದ ಗೆದ್ದಿತು. ಎರಡೂ ಕಡೆ ಚಿತ್ರ ಒಂದೇ. ಆದರೆ ಗೆದ್ದವನೂ ಕೆಲಸ ಕಳೆದುಕೊಂಡು ಕೋರ್ಟಿಗೆ ಅಲೆದಿದ್ದಾನೆ ಅನ್ನೋದನ್ನ ಮರೆಯಬೇಡಿ. ಸಾವು, ಅನಾರೋಗ್ಯ, ಕೆಲಸ ಹೋದದ್ದು, ಇಂಥ ಸುದ್ದಿಗೆ ಚಿತ್ರ ಬೇಡ. "ಸುದ್ದಿ ತಿಳಿದು ನೋವಾಯಿತು" ಅಂತ ಒಂದೇ ಸಾಲು ಸಾಕು.

ಹೊಸಬರಿಗೆ ಇನ್ನೊಂದು ಎಚ್ಚರಿಕೆ. 2017ರಲ್ಲಿ ಇಸ್ರೇಲ್ ಮತ್ತು ನೆದರ್‌ಲೆಂಡ್ಸ್‌ನ ಸಂಶೋಧಕರು 29 ದೇಶಗಳ 549 ಜನರ ಮೇಲೆ ನಡೆಸಿದ ಪ್ರಯೋಗಗಳ ಫಲಿತಾಂಶ ಪ್ರಕಟಿಸಿದರು. ಪರಿಚಯವಿಲ್ಲದವರಿಂದ ಬಂದ ಕೆಲಸದ ಮೇಲ್‌ನಲ್ಲಿ ನಗುಮುಖ ಇದ್ದರೆ ಆ ವ್ಯಕ್ತಿ ಹೆಚ್ಚು ಸ್ನೇಹಮಯಿ ಅಂತ ಓದಿದವರಿಗೆ ಅನ್ನಿಸಲಿಲ್ಲ. ಬದಲಿಗೆ ಕೆಲಸದಲ್ಲಿ ಸಾಮರ್ಥ್ಯ ಕಡಿಮೆ ಅನ್ನಿಸಿತು. ಎದುರಿಗೆ ನಕ್ಕಾಗ ಆಗುವ ಲಾಭ, ಬರೆದ ನಗುವಿನಲ್ಲಿ ಇರಲಿಲ್ಲ. ಇದು ಮೊದಲ ಪರಿಚಯದ, ಔಪಚಾರಿಕ ಮೇಲ್‌ನ ಮಾತು. ವರ್ಷಗಟ್ಟಲೆ ಜೊತೆಗಿರುವ ಸಹೋದ್ಯೋಗಿಗೆ ಇದನ್ನು ಹಚ್ಚಬೇಡಿ.

ಅದಕ್ಕೇ ನಾನು ಪಾಲಿಸೋದು ಮದುವೆ ಮನೆಯ ಪಂಕ್ತಿಯ ಪದ್ಧತಿ: ಹಿರಿಯರು ಎಲೆಗೆ ಕೈ ಹಾಕುವವರೆಗೆ ಕಾಯೋದು. ಗಿರಾಕಿಯೋ ಮೇಲಧಿಕಾರಿಯೋ ಮೊದಲು ನಗುಮುಖ ಹಾಕಲಿ, ಆಮೇಲೆ ನಾನು. ಅವರು ಒಂದು ಹಾಕಿದರೆ ನಾನೂ ಒಂದು, ಹೆಚ್ಚಲ್ಲ. ಇನ್ನು ನೀವೇ ಟೀಮ್ ಲೀಡ್ ಆಗಿದ್ದರೆ ಇದನ್ನು ತಿರುಗಿಸಿ. ನಿಮ್ಮ ಕೆಳಗಿನವರು ನಿಮಗಾಗಿ ಕಾಯುತ್ತಿರುತ್ತಾರೆ. "ನೋಟೆಡ್" ಪಕ್ಕ "ಚೆನ್ನಾಗಿ ಬಂದಿದೆ" ಅಂತ ಎರಡು ಪದ ಸೇರಿಸಿದರೆ ಇನ್ನೊಬ್ಬರು ನೆಮ್ಮದಿಯಾಗಿ ಊಟ ಮಾಡ್ತಾರೆ.

ತಮಾಷೆ ತಲುಪುವ ದಾರಿ

ಈ ನಗುಮುಖ ಹುಟ್ಟಿದ್ದೇ ತಮಾಷೆ ಅರ್ಥವಾಗದೆ. 1982ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಸಂದೇಶ ಫಲಕದಲ್ಲಿ, ಲಿಫ್ಟ್ ಕೆಳಗೆ ಬಿದ್ದರೆ ಒಳಗಿನ ಪಾದರಸದ ಹನಿ ಏನಾಗುತ್ತೆ ಅಂತ ಚರ್ಚೆ ಮಾಡುತ್ತಾ ಯಾರೋ ತಮಾಷೆಗೆ, ಲಿಫ್ಟಿನಲ್ಲಿ ಪಾದರಸ ಚೆಲ್ಲಿದೆ ಅಂತ ಬರೆದರು. ಕೆಲವರು ನಿಜ ಅಂದುಕೊಂಡರು. ಆಮೇಲೆ ಸೆಪ್ಟೆಂಬರ್ 19ರಂದು ಸ್ಕಾಟ್ ಫಾಲ್ಮನ್ ಅನ್ನುವ ಅಧ್ಯಾಪಕರು, ತಮಾಷೆಯ ಮಾತಿಗೆ :-) ಗುರುತು ಹಾಕೋಣ ಅಂತ ಸಲಹೆ ಕೊಟ್ಟರು.

ಗುರುತು ಬೇಕಾಗುವುದು ಯಾಕೆ ಅಂತ 2005ರ ಒಂದು ಅಧ್ಯಯನ ಚೆನ್ನಾಗಿ ತೋರಿಸಿತು. ವ್ಯಂಗ್ಯ ಮತ್ತು ಗಂಭೀರ ವಾಕ್ಯಗಳನ್ನು ಕೆಲವರು ಮೇಲ್‌ನಲ್ಲಿ, ಕೆಲವರು ಧ್ವನಿಯಲ್ಲಿ ಕಳಿಸಿದರು. ನೂರಕ್ಕೆ 78 ಸಲ ಸರಿಯಾಗಿ ಅರ್ಥವಾಗುತ್ತೆ ಅಂತ ಎರಡೂ ಗುಂಪಿನ ಅಂದಾಜು. ಧ್ವನಿಯಲ್ಲಿ 73 ಸಲ ಅರ್ಥವಾಯಿತು. ಮೇಲ್‌ನಲ್ಲಿ 56 ಸಲ ಮಾತ್ರ. ನಾಣ್ಯ ಚಿಮ್ಮಿ ಊಹಿಸಿದರೂ 50 ಸರಿ ಬರುತ್ತದೆ ಅನ್ನೋದನ್ನ ನೆನಪಿಡಿ. ಬರೆಯುವಾಗ ನಮ್ಮ ಕಿವಿಗೆ ನಮ್ಮದೇ ದನಿ ಕೇಳಿಸುತ್ತಿರುತ್ತೆ. ಓದುವವರಿಗೆ ಕೇಳಿಸೋದು ಅವರ ಆ ದಿನದ ಮೂಡ್.

ಅಷ್ಟೇ ಅಲ್ಲ, ಗುರುತೂ ಸರಿಯಾಗಿ ತಲುಪುವ ಖಾತ್ರಿ ಇಲ್ಲ. ನಮ್ಮ ಸಾಗಣೆ ಏಜೆಂಟರ ಮೇಲ್‌ಗಳ ಕೊನೆಗೆ ಯಾವಾಗಲೂ ಒಂದು J ಇರುತ್ತಿತ್ತು. ಅವರ ಹೆಸರಿನ ಮೊದಲಕ್ಷರ ಅಂದುಕೊಂಡು ನಾವೆಲ್ಲ ತಿಂಗಳುಗಟ್ಟಲೆ ಅವರನ್ನು "ಜೇ ಸರ್" ಅಂತಿದ್ದೆವು. ವಿಷಯ ಏನಂದರೆ, ಔಟ್‌ಲುಕ್‌ನಲ್ಲಿ :) ಅಂತ ಟೈಪ್ ಮಾಡಿದರೆ ಅದು ವಿಂಗ್‌ಡಿಂಗ್ಸ್ ಅನ್ನುವ ಫಾಂಟಿನ ನಗುಮುಖವಾಗುತ್ತಿತ್ತು. ಆ ಫಾಂಟಿನಲ್ಲಿ ನಗುಮುಖ ಕೂತಿರುವುದು J ಅಕ್ಷರದ ಜಾಗದಲ್ಲಿ. ಫಾಂಟ್ ಸಿಗದ ಕಡೆ ಬರೀ J ಕಾಣುತ್ತಿತ್ತು. ಪಾಪ, ಅವರು ನಗುತ್ತಲೇ ಇದ್ದರು, ನಾವು ಹೆಸರು ಕರೆಯುತ್ತಲೇ ಇದ್ದೆವು.

ತಮಾಷೆ ಬೇಡವೇ ಬೇಡ ಅಂತ ಅಲ್ಲ. ನನ್ನ ಅನುಭವದಲ್ಲಿ ತನ್ನ ಮೇಲೆ ತಾನೇ ಮಾಡಿಕೊಳ್ಳುವ ತಮಾಷೆ ಗಡಿ ದಾಟುತ್ತೆ, ಎದುರಿನವರ ಮೇಲಿನದು ದಾಟಲ್ಲ. ಒಮ್ಮೆ ಲಗತ್ತು ಮರೆತು ಮೇಲ್ ಕಳಿಸಿ, ಮರುಕ್ಷಣ "ಈ ಸಲ ಲಗತ್ತಿನ ಜೊತೆ" ಅಂತ ಮತ್ತೆ ಬರೆದೆ. ಜರ್ಮನಿಯವನೂ ನಕ್ಕ. ಅವನು ತಡಮಾಡಿದಾಗ ನಾನು "ನಿಮ್ಮ ಗಡಿಯಾರ ನಮ್ಮೂರ ಬಸ್ಸಿನಂತಿದೆ" ಅಂತ ಬರೆದಿದ್ದಿದ್ದರೆ? ಬರೆಯೋಕೆ ಹೊರಟಿದ್ದೆ, ಪುಣ್ಯಕ್ಕೆ ಅಳಿಸಿದೆ. ದುಡ್ಡಿನ ಬಾಕಿ, ತಪ್ಪು, ತಡ, ಇವು ಮೂರೂ ಇರುವ ಮೇಲ್‌ನಲ್ಲಿ ತಮಾಷೆ ಚುಚ್ಚಿದಂತೆಯೇ ಕೇಳಿಸುತ್ತೆ. ಅಲ್ಲಿ ಫೋನ್ ಮಾಡಿ, ದನಿ ಕೆಲಸ ಮಾಡಲಿ.

ಅದೇ ಮೇಲ್, ಎರಡನೇ ಸಲ

ಎಲ್ಲ ಸೇರಿಸಿ ನೋಡೋಣ. ಹೋದ ವರ್ಷ ನಾನು ಗಿರಾಕಿಗೆ ಬರೆದ ಮೇಲ್ ಕನ್ನಡದಲ್ಲಿ ಹೀಗಿತ್ತು:

"ಡಿಯರ್ ಸರ್!! 🙏 ಕೈಂಡ್ಲಿ ಡ್ರಮ್‌ಗಳ ಲೇಬಲ್ ಇಂದೇ ದೃಢಪಡಿಸಿ!!! ಇಲ್ಲದಿದ್ದರೆ ಸೌತೆಕಾಯಿ ಇಲ್ಲೇ ಹಣ್ಣಾಗುತ್ತೆ 😂 ಥ್ಯಾಂಕ್ಸ್ 🙏😊"

ಉತ್ತರ ಬರಲು ಮೂರು ದಿನ ಆಯಿತು. ಬಂದ ಉತ್ತರದಲ್ಲಿ ಗಾಬರಿ ಇತ್ತು: "ಸರಕಿನ ಗುಣಮಟ್ಟಕ್ಕೆ ಏನಾದರೂ ತೊಂದರೆಯೇ?" ಉಪ್ಪುನೀರಿನಲ್ಲಿರುವ ಮಿಡಿಸೌತೆ ಹಣ್ಣಾಗಲ್ಲ ಅಂತ ನನಗೆ ಗೊತ್ತು. ಅವನಿಗೆ ಅದು ತಮಾಷೆ ಅಂತ ಗೊತ್ತಾಗಲಿಲ್ಲ.

ಈಗಿನದು:

"ನಮಸ್ಕಾರ. ಲಗತ್ತಿಸಿರುವ ಲೇಬಲ್ ಮಾದರಿಯನ್ನು ಬುಧವಾರ ನಿಮ್ಮ ಮಧ್ಯಾಹ್ನ 12ರೊಳಗೆ ದೃಢಪಡಿಸಲು ಆಗುತ್ತದೆಯೇ? ಗುರುವಾರ ಡ್ರಮ್‌ಗಳಿಗೆ ಅಂಟಿಸಬೇಕಿದೆ. ಬದಲಾವಣೆ ಇದ್ದರೆ ಅದನ್ನೂ ಬರೆಯಿರಿ. ಕಳೆದ ವಾರ ಬೇಗ ಉತ್ತರಿಸಿದ್ದಕ್ಕೆ ಧನ್ಯವಾದ!"

ಮರ್ಯಾದೆ ಪ್ರಶ್ನೆಯಲ್ಲಿ ಬಂತು, ಅವಸರ ಕಾರಣದಲ್ಲಿ ಬಂತು, ಪ್ರೀತಿ ಕೊನೆಯ ಒಂದು ಚಿಹ್ನೆಯಲ್ಲಿ ಬಂತು. ಅದೇ ಸಂಜೆ ಉತ್ತರ. ಅದರ ಕೊನೆಗೆ, ಎರಡು ವರ್ಷದಲ್ಲಿ ಮೊದಲ ಸಲ, ಅವನೇ ಒಂದು :-) ಹಾಕಿದ್ದ. ನಾನೂ ಒಂದು ಹಾಕಿದೆ. ಒಂದೇ.

ಈ ಕಥೆಯನ್ನೆಲ್ಲ ಅಪ್ಪನ ಹತ್ತಿರ ಹೇಳಿದೆ. ಅವರು ಪ್ರತಿ ವರ್ಷ ಶಿವರಾತ್ರಿ ಸಮಯದ ಸಿದ್ಧಗಂಗೆ ದನದ ಜಾತ್ರೆಗೆ ಹೋಗುತ್ತಿದ್ದವರು. ಅಲ್ಲಿ ದಲ್ಲಾಳಿಗಳು ಟವೆಲ್ ಒಳಗೆ ಕೈಯಿಟ್ಟು ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗಲ್ಲ.

"ಹಂಗಾದ್ರೆ ನೀವೂ ಬೆರಳಲ್ಲೇ ವ್ಯಾಪಾರ ಮಾಡ್ತಿದ್ರಲ್ಲಪ್ಪ" ಅಂದೆ.

"ಬೆರಳಲ್ಲಿ ಬೆಲೆ ಕಣ್ ಮಗ, ವ್ಯಾಪಾರ ಅಲ್ಲ" ಅಂದರು. "ಅದೂ ಇಬ್ಬರಿಗೂ ಆ ಬೆರಳಿನ ಲೆಕ್ಕ ಗೊತ್ತಿದ್ರೆ. ಟವೆಲ್ ತೆಗೆದು, ಬಾಯಲ್ಲಿ ಹೇಳಿ, ಸಂಚಕಾರ ಕೈಗೆ ಕೊಟ್ಟ ಮೇಲೇನೆ ಹಗ್ಗ ಬಿಚ್ತಿದ್ದಿದ್ದು."

ಮೇಡಂ ಆವತ್ತು ಬೈದದ್ದೂ ಇದನ್ನೇ. ಅಪ್ಪ ಸ್ವಲ್ಪ ಚೆನ್ನಾಗಿ ಹೇಳಿದರು ಅಷ್ಟೆ.

ನಿಮ್ಮ ಯಾವ ಚಿತ್ರ, ಯಾವ ಆಶ್ಚರ್ಯಸೂಚಕ ಆಫೀಸಿನಲ್ಲಿ ಎಡವಟ್ಟು ಮಾಡಿದೆ? ಬರೆದು ಕಳಿಸಿ. ಹೆಬ್ಬೆರಳು ಮಾತ್ರ ಕಳಿಸಬೇಡಿ, ಅದನ್ನು ಹೇಗೆ ಓದಬೇಕು ಅಂತ ನನಗಿನ್ನೂ ಭಯ.